ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಹುಷಾರಾಗಿರಬೇಕಾದ ದಿನ

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ತಮ್ಮನ ಹೆಂಡತಿ ಫೋನ್ ಮಾಡಿದಳು. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು. "ಭಾವ, ಜ್ವರ ಬಿಟ್ಟಿತು. ತೊಂಬತ್ತೆಂಟೂವರೆ ತೋರಿಸ್ತಿದೆ. ಇಡ್ಲಿ ಮಾಡಿದ್ದೀನಿ, ಎರಡು ತಿಂದಿದ್ದಾರೆ."

ನಾಲ್ಕು ದಿನ ಒದ್ದಾಡಿದ ಮನೆಗೆ ಅದಕ್ಕಿಂತ ಒಳ್ಳೆ ಸುದ್ದಿ ಬೇಕಾ? ಆದರೂ ನಾನು ಅವಳಿಗೆ ಹೇಳಿದ್ದು, "ಇವತ್ತು ನೀನು ಕೆಲಸಕ್ಕೆ ರಜೆ ಹಾಕು. ಇವತ್ತು, ನಾಳೆ ಅವನನ್ನು ಒಬ್ಬನನ್ನೇ ಬಿಡಬೇಡ."

ಡೆಂಗಿಯ ಬಗ್ಗೆ ಒಂದೇ ಒಂದು ಮಾತು ನೆನಪಿಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಜ್ವರ ನೂರಮೂರು ಇರುವ ದಿನಕ್ಕಿಂತ, ಜ್ವರ ಇಳಿದ ದಿನ ಮತ್ತು ಅದರ ಮರುದಿನ ಜಾಸ್ತಿ ಅಪಾಯ. ನಾನು ಔಷಧಿ ಅಂಗಡಿ ನಡೆಸುವವನು. ಮಳೆಗಾಲದಲ್ಲಿ ದಿನಕ್ಕೆ ಹತ್ತಾರು ಜನ ಬಂದು "ಜ್ವರಕ್ಕೆ ಒಳ್ಳೆ ಪವರ್ ಇರೋ ಮಾತ್ರೆ ಕೊಡಿ" ಅಂತಾರೆ. ಅವರಿಗೆ ಕೌಂಟರ್ ಮುಂದೆ ಎರಡು ನಿಮಿಷದಲ್ಲಿ ಹೇಳಲಾಗದ ವಿಷಯವನ್ನು ಇಲ್ಲಿ ತಮ್ಮನ ಕತೆಯ ಜೊತೆ ಹೇಳುತ್ತೇನೆ.

ಮೊದಲ ರಾತ್ರಿಯ ತಪ್ಪು

ಅವನಿಗೆ ಮೂವತ್ತಾರು ವರ್ಷ, 62 ಕೆಜಿ ತೂಕ, ಬೇರೆ ಕಾಯಿಲೆ ಇಲ್ಲ. ಭಾನುವಾರ ರಾತ್ರಿ ಇದ್ದಕ್ಕಿದ್ದ ಹಾಗೆ ಚಳಿ ಬಂದು ಜ್ವರ ಏರಿತು. ತಲೆನೋವು, ಕಣ್ಣು ಹೊರಳಿಸಿದರೆ ಕಣ್ಣಿನ ಹಿಂದೆ ನೋವು, ಸೊಂಟ ಮುರಿದು ಹಾಕಿದ ಹಾಗೆ. ನೆಗಡಿ ಇಲ್ಲ, ಕೆಮ್ಮು ಇಲ್ಲ. ಮನೆಯಲ್ಲಿ ಹಿಂದಿನ ತಿಂಗಳು ಹಲ್ಲುನೋವಿಗೆ ತಂದ ಮಾತ್ರೆ ಉಳಿದಿತ್ತು. ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿದ ಜೋಡಿ ಮಾತ್ರೆ. ರಾತ್ರಿ ಒಂದು ನುಂಗಿದ, ಬೆಳಿಗ್ಗೆ ಇನ್ನೊಂದು. ನೋವು ಚೆನ್ನಾಗಿ ಇಳಿಯಿತು. ಅದಕ್ಕೇ ಆ ಮಾತ್ರೆ ಜನರಿಗೆ ಇಷ್ಟ.

ಸೋಮವಾರ ವಿಷಯ ಗೊತ್ತಾದ ಕೂಡಲೇ ಅದನ್ನು ನಿಲ್ಲಿಸಿದೆ. ಡೆಂಗಿ ಅಂತ ಆಗಿನ್ನೂ ಗೊತ್ತಿರಲಿಲ್ಲ. ಗೊತ್ತಾಗಲಿ ಅಂತ ಕಾಯಬೇಕಾಗೂ ಇಲ್ಲ. ಮಳೆಗಾಲದಲ್ಲಿ ನೆಗಡಿ ಕೆಮ್ಮು ಇಲ್ಲದೆ ಬರುವ ಜ್ವರವನ್ನು, ಅಲ್ಲ ಅಂತ ಖಾತ್ರಿಯಾಗುವವರೆಗೆ ಡೆಂಗಿ ಅಂದುಕೊಂಡೇ ನಡೆಯುವುದು ಒಳ್ಳೆಯದು. ನಮ್ಮ ರಾಜ್ಯದಲ್ಲಿ 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸುವ ಮಟ್ಟಕ್ಕೆ ಹೋಗಿತ್ತು. ಅಪರೂಪದ ಕಾಯಿಲೆ ಏನಲ್ಲ.

ಸರಿ, ಆ ಮಾತ್ರೆ ಯಾಕೆ ಬೇಡ?

ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಅನ್ನುವ ಚಿಕ್ಕ ಚಿಕ್ಕ ಕಣಗಳಿವೆ. ಎಲ್ಲಾದರೂ ರಕ್ತನಾಳಕ್ಕೆ ಗಾಯ ಆದರೆ ಇವು ಓಡಿ ಬಂದು ಒಂದಕ್ಕೊಂದು ಅಂಟಿ ಬಿರಡೆ ಹಾಕುತ್ತವೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಡೆಂಗಿಯಲ್ಲಿ ಇವುಗಳ ಸಂಖ್ಯೆ ಇಳಿಯುತ್ತದೆ, ಉಳಿದವೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು "ಬಾ, ಅಂಟಿಕೋ" ಅಂತ ಕರೆಯಲು ಒಂದು ರಾಸಾಯನಿಕ ಬೇಕು. ಅದನ್ನು ತಯಾರಿಸುವ ಕಿಣ್ವವನ್ನೇ ಆಸ್ಪಿರಿನ್ ಕಟ್ಟಿ ಹಾಕುತ್ತದೆ. ಕಟ್ಟಿ ಹಾಕಿದರೆ ಮತ್ತೆ ಬಿಡುವುದಿಲ್ಲ. ಪ್ಲೇಟ್‌ಲೆಟ್‌ಗೆ ಹೊಸ ಕಿಣ್ವ ಮಾಡಿಕೊಳ್ಳುವ ಶಕ್ತಿ ಇಲ್ಲ, ಯಾಕೆಂದರೆ ಅದಕ್ಕೆ ಕೋಶಕೇಂದ್ರವೇ ಇಲ್ಲ. ಹಾಗಾಗಿ ಅದು ಬದುಕಿರುವಷ್ಟು ದಿನ, ಅಂದರೆ ಏಳರಿಂದ ಹತ್ತು ದಿನ, ಸುಮ್ನೆ ತೇಲುತ್ತಿರುತ್ತದೆ. ಜ್ವರದ ಮೊದಲ ದಿನ ನುಂಗಿದ ಒಂದು ಆಸ್ಪಿರಿನ್, ಐದನೇ ದಿನ ರಕ್ತ ಜಿನುಗುವ ಹೊತ್ತಿಗೂ ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ಮಕ್ಕಳಲ್ಲಂತೂ ವೈರಸ್ ಜ್ವರಕ್ಕೆ ಆಸ್ಪಿರಿನ್ ಕೊಟ್ಟರೆ ಮೆದುಳು ಮತ್ತು ಯಕೃತ್ತು ಎರಡಕ್ಕೂ ಪೆಟ್ಟು ಕೊಡುವ ರೈ ಸಿಂಡ್ರೋಮ್ ಅನ್ನುವ ಬೇರೆಯೇ ಅಪಾಯವೂ ಇದೆ.

ಐಬುಪ್ರೊಫೇನ್ ಅಷ್ಟು ಹಟಮಾರಿ ಅಲ್ಲ. ಅದು ಕಟ್ಟಿದ ಕಿಣ್ವವನ್ನು ಒಂದು ದಿನದೊಳಗೆ ಬಿಟ್ಟುಬಿಡುತ್ತದೆ. ತಮ್ಮ ಎರಡೇ ಮಾತ್ರೆ ನುಂಗಿದ್ದರಿಂದ ನಾನು ಹೆಚ್ಚು ಗಾಬರಿಯಾಗಲಿಲ್ಲ. ಆದರೆ ದಿನಕ್ಕೆ ಮೂರರಂತೆ ನುಂಗುತ್ತಾ ಹೋದರೆ ಬಿಟ್ಟಿದ್ದನ್ನು ಮತ್ತೆ ಮತ್ತೆ ಕಟ್ಟಿದ ಹಾಗೇ ಅಲ್ವಾ? ಜೊತೆಗೆ ಇನ್ನೆರಡು ತೊಂದರೆ ಇದೆ. ಹೊಟ್ಟೆಯ ಒಳಪದರಕ್ಕೆ ಆಮ್ಲ ತಾಗದಂತೆ ಕಾಪಾಡುವ ಲೋಳೆಯನ್ನು ಇದು ಕಡಿಮೆ ಮಾಡುತ್ತದೆ. ಊಟ ಸರಿಯಾಗಿ ಸೇರದ, ಪ್ಲೇಟ್‌ಲೆಟ್ ಇಳಿದಿರುವ ಮನುಷ್ಯನ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬಂದರೆ ನಿಲ್ಲುವುದು ಕಷ್ಟ. ಎರಡನೆಯದು ಮೂತ್ರಪಿಂಡ. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವ ದಾರಿಯನ್ನು ತೆರೆದಿಡುವ ರಾಸಾಯನಿಕವನ್ನೂ ಇದು ತಡೆಯುತ್ತದೆ. ಡೆಂಗಿಯಲ್ಲಿ ನೀರು ಕಡಿಮೆಯಾಗುವುದೇ ಮುಖ್ಯ ಸಮಸ್ಯೆ.

ಹೆಸರು ಬೇರೆ ಇದ್ದು ಜಾತಿ ಒಂದೇ ಆದ ಮಾತ್ರೆಗಳು ಇನ್ನೂ ಇವೆ. ಡೈಕ್ಲೋಫಿನ್ಯಾಕ್, ಅಸಿಕ್ಲೋಫಿನ್ಯಾಕ್, ನ್ಯಾಪ್ರಾಕ್ಸೆನ್, ನಿಮೆಸುಲೈಡ್, ಮೆಫೆನಮಿಕ್ ಆಸಿಡ್. ಕೊನೆಯದು ಮಕ್ಕಳ ಜ್ವರದ ಸಿರಪ್ಪಿನಲ್ಲಿ, ಹೆಣ್ಣುಮಕ್ಕಳ ಮುಟ್ಟಿನ ನೋವಿನ ಮಾತ್ರೆಯಲ್ಲಿ ಇರುತ್ತದೆ. ಮನೆಯಲ್ಲಿ ಇರುವ ಸಾಧ್ಯತೆ ಜಾಸ್ತಿ. ಸ್ಟ್ರಿಪ್ಪಿನ ಮುಂದೆ ದಪ್ಪಕ್ಷರದಲ್ಲಿ ಇರುವ ಕಂಪನಿ ಹೆಸರು ಬಿಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಔಷಧಿಯ ಹೆಸರು ಓದಿ. ಓದಲಾಗದಿದ್ದರೆ ಅಂಗಡಿಯವರಿಗೆ ತೋರಿಸಿ ಕೇಳಿ. ಇನ್ನೊಂದು, "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ, ಬೇಗ ಇಳಿಯಲಿ" ಅಂತ ಕೇಳಬೇಡಿ. ಜ್ವರಕ್ಕೆ ಸೊಂಟಕ್ಕೆ ಹಾಕುವ ಸೂಜಿಯಲ್ಲಿ ಎಷ್ಟೋ ಸಲ ಇರುವುದು ಡೈಕ್ಲೋಫಿನ್ಯಾಕ್. ಪ್ಲೇಟ್‌ಲೆಟ್ ಇಳಿದಿರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಅಲ್ಲೇ ಒಳಗೆ ರಕ್ತ ಸೇರಿ ಗಡ್ಡೆಯಾಗಬಹುದು.

ಒಂದು ಗುಂಪಿನವರಿಗೆ ಮಾತ್ರ ಈ ಮಾತು ಬೇರೆ ಥರ ಹೇಳಬೇಕು. ಹೃದಯದ ತೊಂದರೆಗೆ, ಸ್ಟೆಂಟ್ ಹಾಕಿಸಿಕೊಂಡಿದ್ದಕ್ಕೆ ದಿನಾ 75 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳುವವರು ಇದ್ದಾರೆ. ಅವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು, ಸುಮ್ಮನೆ ಮುಂದುವರಿಸಲೂಬಾರದು. ಜ್ವರ ಬಂದ ದಿನವೇ ತಮ್ಮ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಸ್ಟೆಂಟ್ ಕಟ್ಟಿಕೊಳ್ಳುವುದೂ ಅಪಾಯ, ರಕ್ತ ಸುರಿಯುವುದೂ ಅಪಾಯ. ಯಾವುದು ಹೆಚ್ಚು ಅಂತ ಅಳೆಯಬೇಕಾದವರು ಅವರು.

ಫ್ರಿಜ್ ಮೇಲಿನ ನೋಟ್‌ಬುಕ್

ಸೋಮವಾರ ಸಂಜೆ ಅವರ ಮನೆಗೆ ಹೋಗಿ ಒಂದು ಹಳೇ ನೋಟ್‌ಬುಕ್ ತೆಗೆದು ಗೆರೆ ಎಳೆದು ಕೊಟ್ಟೆ. ಗಂಟೆ, ಜ್ವರ ಎಷ್ಟು, ಮಾತ್ರೆ, ಕುಡಿದಿದ್ದು, ಮೂತ್ರ. ಐದೇ ಕಾಲಂ. ಅದನ್ನು ಫ್ರಿಜ್ ಮೇಲೆ ಇಡಿಸಿದೆ. ಮುಂದೆ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಓದಿದ್ದು ಅದನ್ನೇ.

ಮಾತ್ರೆ ಕಾಲಂನಲ್ಲಿ ಬರೆಯಲು ಒಂದೇ ಹೆಸರು, ಪ್ಯಾರಾಸಿಟಮಾಲ್. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಅಂತ ಅಂಗಡಿಯಲ್ಲಿ ಸಿಗುವುದೆಲ್ಲ ಸಾಮಾನ್ಯವಾಗಿ ಇದೇ ಔಷಧಿ. ಇದು ಮೆದುಳಿನಲ್ಲಿ ಕೆಲಸ ಮಾಡಿ ಜ್ವರ, ನೋವು ಇಳಿಸುತ್ತದೆ. ಪ್ಲೇಟ್‌ಲೆಟ್ ಅನ್ನಾಗಲಿ, ಹೊಟ್ಟೆಯ ಲೋಳೆಯನ್ನಾಗಲಿ ಹೆಚ್ಚುಕಡಿಮೆ ಮುಟ್ಟುವುದಿಲ್ಲ.

ಲೆಕ್ಕ ಹೀಗೆ. 650 ಮಿಲಿಗ್ರಾಂನ ಒಂದು ಮಾತ್ರೆ, ಆರು ಗಂಟೆಗೊಮ್ಮೆ. ದಿನಕ್ಕೆ ನಾಲ್ಕಾದರೆ 2600 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4000 ಮಿಲಿಗ್ರಾಂ, ಅಂದರೆ 4 ಗ್ರಾಂ ಅನ್ನುವುದು ಕೊನೆಯ ಗೆರೆ. ಡೆಂಗಿಯಲ್ಲಿ 3 ಗ್ರಾಂ ದಾಟದಿರುವುದೇ ಕ್ಷೇಮ. ಐದನೇ ಮಾತ್ರೆ ನುಂಗಿದರೆ 3250 ಆಗಿ ಆ ಗೆರೆ ದಾಟಿತು. ತೂಕ ಕಡಿಮೆ ಇರುವವರಿಗೆ, ವಯಸ್ಸಾದವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ, ಮೊದಲೇ ಯಕೃತ್ತಿನ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಎಷ್ಟು ಅಂತ ಡಾಕ್ಟರೇ ಹೇಳಬೇಕು.

ಮಂಗಳವಾರ ರಾತ್ರಿ ತಮ್ಮನ ಹೆಂಡತಿ ಫೋನ್ ಮಾಡಿದಳು. "ಎಂಟು ಗಂಟೆಗೆ ಮಾತ್ರೆ ಕೊಟ್ಟೆ. ಹತ್ತು ಗಂಟೆಯಾದರೂ ನೂರ ಒಂದು ಇದೆ. ಇನ್ನೊಂದು ಕೊಡಲಾ?" ಎಲ್ಲರೂ ಎಡವುವುದು ಇಲ್ಲೇ. ನೂರಮೂರರಿಂದ ನೂರ ಒಂದಕ್ಕೆ ಇಳಿದಿದೆ ಅಂದರೆ ಮಾತ್ರೆ ತನ್ನ ಕೆಲಸ ಮಾಡಿದೆ. ಡೆಂಗಿಯ ಜ್ವರವನ್ನು ಪ್ಯಾರಾಸಿಟಮಾಲ್ ಪೂರ್ತಿ ಇಳಿಸುವುದಿಲ್ಲ, ಇಳಿಸಲೇಬೇಕು ಅಂತಲೂ ಇಲ್ಲ. ರೋಗಿಗೆ ಸ್ವಲ್ಪ ಹಾಯೆನಿಸಿ ನಾಲ್ಕು ಗುಟುಕು ಕುಡಿಯುವಂತಾದರೆ ಸಾಕು. ನಡುವೆ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಬಹುದು. ತಣ್ಣೀರು, ಐಸ್ ಬೇಡ, ಅದರಿಂದ ನಡುಕ ಹುಟ್ಟಿ ಜ್ವರ ಇನ್ನೂ ಏರುತ್ತದೆ.

ಗೆರೆ ದಾಟಿದರೆ ಏನಾಗುತ್ತದೆ? ಪ್ಯಾರಾಸಿಟಮಾಲಿನ ಬಹುಪಾಲನ್ನು ಯಕೃತ್ತು ಸುಲಭವಾಗಿ ಸಾಗಹಾಕುತ್ತದೆ. ಒಂದು ಚಿಕ್ಕ ಪಾಲು ಮಾತ್ರ ವಿಷದ ರೂಪಕ್ಕೆ ತಿರುಗುತ್ತದೆ. ಅದನ್ನು ತಟಸ್ಥ ಮಾಡಲು ಯಕೃತ್ತಿನಲ್ಲಿ ಗ್ಲುಟಥಯೋನ್ ಅನ್ನುವ ಪದಾರ್ಥದ ದಾಸ್ತಾನು ಇರುತ್ತದೆ. ಡೋಸ್ ಜಾಸ್ತಿಯಾದರೆ ವಿಷದ ಪಾಲೂ ಜಾಸ್ತಿ, ದಾಸ್ತಾನು ಖಾಲಿ. ಆಮೇಲೆ ಆ ವಿಷ ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲುತ್ತದೆ. ನಾಲ್ಕು ದಿನ ಸರಿಯಾಗಿ ಊಟ ಮಾಡದವರಲ್ಲಿ ಆ ದಾಸ್ತಾನು ಮೊದಲೇ ಕಡಿಮೆ. ಸಾಲದ್ದಕ್ಕೆ ಡೆಂಗಿ ವೈರಸ್ ಕೂಡ ಯಕೃತ್ತನ್ನು ಊದಿಸುತ್ತದೆ. 4 ಗ್ರಾಂ ಅನ್ನುವುದು ಆರೋಗ್ಯವಂತರ ಲೆಕ್ಕ ಅಂತ ಹೇಳಿದ್ದು ಇದಕ್ಕೇ.

ಬೇಕಂತ ಯಾರೂ ಜಾಸ್ತಿ ನುಂಗುವುದಿಲ್ಲ. ಅದು ಗೊತ್ತಿಲ್ಲದೆ ಸೇರಿಕೊಳ್ಳುತ್ತದೆ. ನನ್ನ ಅಂಗಡಿಗೆ ಬಂದ ಒಬ್ಬರು ಜ್ವರಕ್ಕೆ 650ರ ಮಾತ್ರೆ ದಿನಕ್ಕೆ ನಾಲ್ಕು, "ಮೂಗು ಕಟ್ಟಿದೆ" ಅಂತ ನೆಗಡಿ ಮಾತ್ರೆ ಮೂರು ತೆಗೆದುಕೊಳ್ಳುತ್ತಿದ್ದರು. ಆ ನೆಗಡಿ ಮಾತ್ರೆಯ ಹಿಂದೆ ಓದಿದರೆ ಒಂದೊಂದರಲ್ಲೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್. 2600 ಜೊತೆ 1500 ಸೇರಿ ದಿನಕ್ಕೆ 4100. ಅವರ ಪ್ರಕಾರ ಅವರು ತೆಗೆದುಕೊಳ್ಳುತ್ತಿದ್ದದ್ದು ನಾಲ್ಕೇ ಜ್ವರದ ಮಾತ್ರೆ.

ಜಾಸ್ತಿ ಆಗಿದೆ ಅಂತ ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಮೊದಲ ದಿನ ಬರೀ ವಾಕರಿಕೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಯಕೃತ್ತಿಗೆ ಆದ ಪೆಟ್ಟು ಗೊತ್ತಾಗುವುದು ಎರಡು ಮೂರನೇ ದಿನಕ್ಕೆ. ಆಸ್ಪತ್ರೆಯಲ್ಲಿ ಇದಕ್ಕೆ ಪ್ರತಿಮದ್ದು ಇದೆ, ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಅದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ.

ಮಕ್ಕಳ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಡೆಂಗಿಯಲ್ಲಿ ಒಂದು ಕೆಜಿಗೆ 10 ಮಿಲಿಗ್ರಾಂ, ದಿನಕ್ಕೆ ಮೂರರಿಂದ ನಾಲ್ಕು ಸಲ, ನಡುವೆ ಆರು ಗಂಟೆ ಅಂತರ. 15 ಕೆಜಿ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ. ಆದರೆ ಬಾಟಲಿಗಳು ಒಂದೇ ಥರ ಇರುವುದಿಲ್ಲ. 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ಪಾದರೆ ಆ ಮಗುವಿಗೆ 3 ಎಂಎಲ್. 5 ಎಂಎಲ್‌ನಲ್ಲಿ 125 ಇರುವುದಾದರೆ 6 ಎಂಎಲ್. ಹಸುಗೂಸಿಗೆ ಅಂತ ತಂದ ಡ್ರಾಪ್ಸ್ ಒಂದು ಎಂಎಲ್‌ನಲ್ಲೇ 100 ಮಿಲಿಗ್ರಾಂ ಇರಬಹುದು. ಅದಾದರೆ ಒಂದೂವರೆ ಎಂಎಲ್ ಸಾಕು. ಸಿರಪ್ಪು ಅಂದುಕೊಂಡು ಡ್ರಾಪ್ಸನ್ನೇ 6 ಎಂಎಲ್ ಕುಡಿಸಿದರೆ ಮಗುವಿಗೆ ನಾಲ್ಕು ಪಟ್ಟು ಹೋಯಿತು. ಅಡುಗೆ ಮನೆಯ ಚಮಚ ಬೇಡ, ಬಾಟಲಿ ಜೊತೆ ಬರುವ ಮುಚ್ಚಳದ ಗೆರೆ ಅಥವಾ ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ.

ರಕ್ತನಾಳ ಸೋರುವುದು ಅಂದರೆ

ಮಂಗಳವಾರ ರಕ್ತ ಪರೀಕ್ಷೆ ಮಾಡಿಸಿದೆವು. ಎನ್‌ಎಸ್1 ಪಾಸಿಟಿವ್, ಅಂದರೆ ಡೆಂಗಿಯೇ. ಜ್ವರದ ಮೊದಲ ನಾಲ್ಕೈದು ದಿನ ಕೆಲಸಕ್ಕೆ ಬರುವ ಪರೀಕ್ಷೆ ಅದು. ಆಮೇಲಾದರೆ ಐಜಿಎಂ ಅನ್ನುವ ಪ್ರತಿಕಾಯ ನೋಡುತ್ತಾರೆ. ಪ್ಲೇಟ್‌ಲೆಟ್ 1.42 ಲಕ್ಷ, ರಕ್ತದ ಗಟ್ಟಿತನ ತೋರಿಸುವ ಪಿಸಿವಿ 41. ಡಾಕ್ಟರು ನೋಡಿ ಮನೆಯಲ್ಲೇ ಇರಬಹುದು, ದಿನಾ ರಕ್ತ ಪರೀಕ್ಷೆ ಮಾಡಿಸಿ ಅಂದರು. ಬುಧವಾರ ಪ್ಲೇಟ್‌ಲೆಟ್ 96 ಸಾವಿರ, ಪಿಸಿವಿ 42.

ಮನೆಯವರೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ಹಿಡಿದುಕೊಂಡರು. ವಾಟ್ಸ್‌ಆ್ಯಪ್‌ನಲ್ಲಿ ಅದೇ, ಫೋನಿನಲ್ಲಿ ಅದೇ. ಒಬ್ಬರು ಪಪ್ಪಾಯ ಎಲೆಯ ರಸ ಕಳಿಸಿದರು, ಇನ್ನೊಬ್ಬರು ಕಿವಿ ಹಣ್ಣು ತಂದರು. ಪಪ್ಪಾಯ ಎಲೆಯಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿತು ಅಂತ ಹೇಳುವ ಸಣ್ಣ ಅಧ್ಯಯನಗಳು ಇವೆ, ನಿಜ. ಆದರೆ ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವ ಮುಖ್ಯ ವಿಷಯ ಪ್ಲೇಟ್‌ಲೆಟ್ ಅಲ್ಲ. ರಸ ಕಹಿಯಾಗಿ ವಾಂತಿ ತರಿಸಿದರೆ ಇದ್ದ ನೀರೂ ಹೋಗುತ್ತದೆ. ಅವನಿಗೆ ವಾಕರಿಕೆ ಇದ್ದಿದ್ದರಿಂದ ನಾನು ಬೇಡ ಅಂದೆ.

ಕುತ್ತು ತರುವುದು ಸೋರಿಕೆ. ನಮ್ಮ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರಿನಂಥ ಪ್ಲಾಸ್ಮಾ, ಉಳಿದದ್ದು ರಕ್ತಕಣಗಳು. ಡೆಂಗಿಯಲ್ಲಿ ಮೂರರಿಂದ ಏಳನೇ ದಿನದ ನಡುವೆ, ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೇ, ಕೆಲವರಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಮೊಸರು ಸೋಸಿದಾಗ ತಿಳಿ ಕೆಳಗೆ ಇಳಿದು ಗಟ್ಟಿ ಮೊಸರು ಬಟ್ಟೆಯಲ್ಲಿ ಉಳಿಯುತ್ತದಲ್ಲ, ಹಾಗೆ ಪ್ಲಾಸ್ಮಾ ಸೋರಿ ಹೊಟ್ಟೆಯ ಒಳಗೆ, ಶ್ವಾಸಕೋಶದ ಸುತ್ತ ಸೇರುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣದೆ ಒಳಗೆ ಬಿಪಿ ಕುಸಿಯಬಹುದು. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ, ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಆ ಎರಡು ದಿನ ಸರಿಯಾದ ಅಳತೆಯಲ್ಲಿ ನೀರು ಕೊಟ್ಟು ದಾಟಿಸುವುದೇ ಡೆಂಗಿಯ ಚಿಕಿತ್ಸೆ.

ಪಿಸಿವಿ ಅಂದರೆ ರಕ್ತ ಎಷ್ಟು ಗಟ್ಟಿ ಇದೆ ಅನ್ನುವ ಅಳತೆ. ಕೆಲವು ರಿಪೋರ್ಟಿನಲ್ಲಿ ಹಿಮಟೋಕ್ರಿಟ್ ಅಂತ ಇರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ಸೋರಿಕೆ ಶುರುವಾಗಿದೆ ಅಂತ ಅರ್ಥ. ಮೊದಲಿಗಿಂತ ಶೇಕಡಾ 20ರಷ್ಟು ಏರಿದರೆ ಸಾಕಷ್ಟು ಸೋರಿದೆ. ಅದಕ್ಕೇ ಜ್ವರದ ಮೊದಲ ಮೂರು ದಿನದೊಳಗೆ ಒಂದು ರಿಪೋರ್ಟ್ ಇರಬೇಕು. ಹೋಲಿಸಲು ಹಳೆಯದೇ ಇಲ್ಲದಿದ್ದರೆ ಏರಿದ್ದು ಗೊತ್ತಾಗುವುದು ಹೇಗೆ?

ಮನೆಯಲ್ಲಿರುವಾಗ ಕುಡಿಯುವುದು ಇಷ್ಟೊಂದು ಮುಖ್ಯವಾಗುವುದು ಇದೇ ಕಾರಣಕ್ಕೆ. ಬರೀ ನೀರು ಸಾಲದು, ಉಪ್ಪೂ ಬೇಕು. ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ತಿಳಿಸಾರು, ಓಆರ್‌ಎಸ್. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕೆ ಹಾಕಬಾರದು. ಒಮ್ಮೆಲೇ ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ, ಹತ್ತು ನಿಮಿಷಕ್ಕೆ ನಾಲ್ಕು ಗುಟುಕು ಸಾಕು. ಎಷ್ಟು ಕುಡಿದರೆ ಸಾಕು ಅನ್ನುವುದಕ್ಕೆ ನಮ್ಮ ನೋಟ್‌ಬುಕ್ಕಿನ ಕೊನೇ ಕಾಲಂ ಉತ್ತರ. ನಾಲ್ಕರಿಂದ ಆರು ಗಂಟೆಗೊಮ್ಮೆ ತಿಳಿ ಬಣ್ಣದ ಮೂತ್ರ ಹೋಗುತ್ತಿದ್ದರೆ ಸರಿ ಇದೆ. ಬೀಟ್‌ರೂಟ್, ದಾಳಿಂಬೆ ರಸ ಆ ವಾರ ಬೇಡ. ವಾಂತಿಯಾದರೆ ಅದು ರಸವೋ ರಕ್ತವೋ ಗೊತ್ತಾಗದೆ ಎಲ್ಲರೂ ಹೆದರಬೇಕಾಗುತ್ತದೆ.

ಗುರುವಾರ ಮಧ್ಯಾಹ್ನ

ಎರಡು ಗಂಟೆಗೆ ಮತ್ತೆ ಫೋನ್. "ಭಾವ, ಹೊಟ್ಟೆನೋವು ಅಂತಿದ್ದಾರೆ. ಇಡ್ಲಿ ಅರಗಲಿಲ್ಲವೇನೋ. ಓಮದ ನೀರು ಕೊಡ್ಲಾ?"

ನೋಟ್‌ಬುಕ್ ನೋಡಿ ಹೇಳು ಅಂದೆ. ಬೆಳಿಗ್ಗೆ ಎಂಟರ ನಂತರ ಮೂತ್ರ ಹೋಗಿಲ್ಲ. ಹನ್ನೊಂದರ ನಂತರ ಮೂರು ಸಲ ವಾಂತಿ. ಕೈ ಮುಟ್ಟಿ ನೋಡು ಅಂದೆ. ತಣ್ಣಗಿದೆ, ಬೆವರಿದೆ ಅಂದಳು. ಉಗುರನ್ನು ಎರಡು ಸೆಕೆಂಡ್ ಒತ್ತಿ ಬಿಡು, ಬಿಳಿಯಾದದ್ದು ಕೆಂಪಾಗಲು ಎಷ್ಟು ಹೊತ್ತು ಬೇಕು ನೋಡು ಅಂದೆ. ಒಂದು, ಎರಡು, ಮೂರು ಅಂತ ಎಣಿಸಿದಳು. ಎರಡು ಸೆಕೆಂಡಿನೊಳಗೆ ಬಣ್ಣ ಬರಬೇಕು. ಥರ್ಮಾಮೀಟರ್ ಇನ್ನೂ ತೊಂಬತ್ತೆಂಟೂವರೆಯನ್ನೇ ತೋರಿಸುತ್ತಿತ್ತು. "ಓಮದ ನೀರು ಬೇಡ. ನೋಟ್‌ಬುಕ್, ರಿಪೋರ್ಟು ತಗೊಂಡು ಈಗಲೇ ಹೊರಡು, ನಾನು ಆಸ್ಪತ್ರೆಗೆ ಬರ್ತೀನಿ" ಅಂದೆ.

ಅವಳು ಫೋನಿನಲ್ಲಿ ಹೇಳಿದ್ದರಲ್ಲಿ ಒಂದೊಂದೂ ಆಸ್ಪತ್ರೆಗೆ ಹೋಗಲು ಸಾಕಾದ ಕಾರಣವೇ. ಬಿಡದ ಹೊಟ್ಟೆನೋವು. ದಿನದಲ್ಲಿ ಮೂರು ಸಲ ಅಥವಾ ಹೆಚ್ಚು ವಾಂತಿ. ಆರು ಗಂಟೆ ಮೂತ್ರ ಇಲ್ಲದಿರುವುದು. ತಣ್ಣಗೆ ಬೆವರಿದ ಕೈಕಾಲು. ಹಾಗೇ ಒಸಡಿನಲ್ಲಿ, ಮೂಗಿನಲ್ಲಿ ರಕ್ತ, ವಾಂತಿಯಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಮಲ, ಮುಟ್ಟಿನಲ್ಲಿ ಎಂದಿಗಿಂತ ಹೆಚ್ಚು ಹೋಗುವುದು. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಉಸಿರು ಕಟ್ಟಿದಂತಾಗುವುದು, ಹೊಟ್ಟೆ ಉಬ್ಬುವುದು. ತುಂಬ ಮಂಕಾಗಿ ಮಲಗಿಯೇ ಇರುವುದು ಅಥವಾ ಅದರ ಉಲ್ಟಾ, ಒಂದು ಕಡೆ ನಿಲ್ಲದೆ ಚಡಪಡಿಸುವುದು. ಮಗುವಾದರೆ ಹಾಲು ಕುಡಿಯದಿರುವುದು, ಕಣ್ಣೀರು ಬಾರದ ಅಳು, ಎಬ್ಬಿಸಿದರೂ ಏಳದ ನಿದ್ದೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಜ್ವರ ಇಳಿದು ಮನುಷ್ಯ ನಿಜವಾಗಿಯೂ ಚೇತರಿಸುತ್ತಿದ್ದರೆ ಅದು ಬೇರೆ ಥರ ಕಾಣುತ್ತದೆ. ಹಸಿವಾಗುತ್ತದೆ, ಮೂತ್ರ ಚೆನ್ನಾಗಿ ಹೋಗುತ್ತದೆ, ಕೈ ಬೆಚ್ಚಗಿರುತ್ತದೆ, ಮಾತಿನಲ್ಲಿ ಲವಲವಿಕೆ ಬರುತ್ತದೆ. ಜ್ವರ ಇಳಿದರೂ ಮನುಷ್ಯ ಕುಗ್ಗುತ್ತಿದ್ದರೆ ಅದು ಗುಣವಾಗುತ್ತಿರುವುದಲ್ಲ.

ಕೆಲವರು ಈ ಲಕ್ಷಣ ಬರುವವರೆಗೂ ಮನೆಯಲ್ಲಿ ಇರಬಾರದು. ಗರ್ಭಿಣಿಯರು, ಒಂದು ವರ್ಷದೊಳಗಿನ ಕೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇರುವವರು ಮೊದಲ ದಿನವೇ ಡಾಕ್ಟರನ್ನು ಕಾಣಬೇಕು. ರೂಮಿನಲ್ಲಿ ಒಬ್ಬರೇ ಇರುವ ಹುಡುಗ ಹುಡುಗಿಯರನ್ನೂ ನಾನು ಈ ಪಟ್ಟಿಗೆ ಸೇರಿಸುತ್ತೇನೆ. ಕೈ ತಣ್ಣಗಾಗಿದೆ ಅಂತ ಮುಟ್ಟಿ ನೋಡಲು ಅವರಿಗೆ ಇನ್ನೊಬ್ಬರಿಲ್ಲ.

ಆಸ್ಪತ್ರೆಯಲ್ಲಿ ತಮ್ಮನ ಬಿಪಿ 100/80. ಮೇಲಿನ ಸಂಖ್ಯೆ ನೂರು ಇದೆಯಲ್ಲ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಎರಡರ ನಡುವಿನ ಅಂತರ ಬರೀ 20. ಸಾಮಾನ್ಯವಾಗಿ ಅದು 40ರ ಆಸುಪಾಸು ಇರುತ್ತದೆ. ಅಂತರ 20ಕ್ಕೆ ಇಳಿದರೆ ಅದು ಶಾಕ್‌ನ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಯ ಶುರು ಅಂತಲೇ ಡಾಕ್ಟರು ನೋಡುತ್ತಾರೆ. ಪ್ಲೇಟ್‌ಲೆಟ್ 41 ಸಾವಿರ. ಪಿಸಿವಿ 50. ಮಂಗಳವಾರ 41 ಇದ್ದದ್ದು 50 ಆಗಿದೆ ಅಂದರೆ ಶೇಕಡಾ 22ರಷ್ಟು ಏರಿಕೆ.

ಕೂಡಲೇ ಡ್ರಿಪ್ ಹಾಕಿದರು. ಮೊದಲು ಜೋರಾಗಿ, ಆಮೇಲೆ ಕೆಲವು ಗಂಟೆಗೊಮ್ಮೆ ಪಿಸಿವಿ, ಬಿಪಿ, ಮೂತ್ರ ನೋಡುತ್ತಾ ಇಳಿಸುತ್ತಾ ಹೋದರು. ಶುಕ್ರವಾರ ಪ್ಲೇಟ್‌ಲೆಟ್ 28 ಸಾವಿರಕ್ಕೆ ಬಂದಾಗ ಮನೆಯವರು "ಪ್ಲೇಟ್‌ಲೆಟ್ ಹಾಕಿಸಿ" ಅಂತ ಡಾಕ್ಟರ ಹಿಂದೆ ಬಿದ್ದರು. ಅವರು ಹಾಕಲಿಲ್ಲ. ರಕ್ತಸ್ರಾವ ಇಲ್ಲ, ಹಾಕಿದರೂ ಅವು ಹೆಚ್ಚು ಹೊತ್ತು ಉಳಿಯುವುದಿಲ್ಲ, ಪ್ಲಾಸ್ಮಾ ಸೋರಿಕೆಗೆ ಅದರಿಂದ ಏನೂ ಆಗುವುದಿಲ್ಲ ಅಂತ ಕೂರಿಸಿಕೊಂಡು ವಿವರಿಸಿದರು. ಅದು ಸರಿಯಾದ ಮಾತು. ರಕ್ತಸ್ರಾವ ಇದ್ದಾಗ ಅಥವಾ ಸಂಖ್ಯೆ 10 ಸಾವಿರಕ್ಕಿಂತ ಕೆಳಗೆ ಹೋದಾಗ ಮಾತ್ರ ಅದರ ಯೋಚನೆ.

ಶನಿವಾರ ಡ್ರಿಪ್ ತೆಗೆದುಬಿಟ್ಟರು. ಸೋರಿದ ನೀರು ಆ ಹೊತ್ತಿಗೆ ನಾಳಗಳಿಗೆ ವಾಪಸ್ ಬರಲು ಶುರುವಾಗುತ್ತದೆ. ಆಗಲೂ ಡ್ರಿಪ್ ಹೋಗುತ್ತಲೇ ಇದ್ದರೆ ನೀರು ಜಾಸ್ತಿಯಾಗಿ ಶ್ವಾಸಕೋಶ ತುಂಬಿ ಉಸಿರಾಟ ಕಷ್ಟವಾಗುತ್ತದೆ. ಮನೆಯಲ್ಲಿ ತಾವೇ ಯಾರನ್ನಾದರೂ ಕರೆಸಿ "ಎರಡು ಬಾಟಲ್ ಗ್ಲೂಕೋಸ್" ಹಾಕಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಯಾವಾಗ ಹಾಕಬೇಕು ಅನ್ನುವಷ್ಟೇ ಯಾವಾಗ ನಿಲ್ಲಿಸಬೇಕು ಅನ್ನುವುದೂ ಗೊತ್ತಿರಬೇಕು.

ಭಾನುವಾರ ಮನೆಗೆ ಬಂದ. ಅಂಗೈ, ಅಂಗಾಲು ವಿಪರೀತ ಕಡಿತ. ಕಾಲಿನ ತುಂಬ ಕೆಂಪು, ನಡುನಡುವೆ ಬೆಳ್ಳಗಿನ ಚುಕ್ಕೆ. ತಮ್ಮನ ಹೆಂಡತಿ ಮತ್ತೆ ಹೆದರಿದಳು. ಇದು ಚೇತರಿಕೆಯ ಹೊತ್ತಿನ ದದ್ದು, ಎರಡು ಮೂರು ದಿನದಲ್ಲಿ ಹೋಗುತ್ತದೆ ಅಂತ ಹೇಳಿದೆ. ಬುಧವಾರದ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 1.1 ಲಕ್ಷ.

ಅದೇ ಬುಧವಾರ ರಾತ್ರಿ ಅವನೇ ಫೋನ್ ಮಾಡಿದ. "ಅಣ್ಣಾ, ಹಳೇ ಹಲ್ಲುನೋವು ಮತ್ತೆ ಶುರುವಾಗಿದೆ. ಡಬ್ಬೀಲಿ ಆ ಜೋಡಿ ಮಾತ್ರೆ ಇನ್ನೂ ನಾಲ್ಕಿದೆ. ಈಗ ಜ್ವರ ಇಲ್ಲವಲ್ಲ, ತಗೋಬಹುದಾ?" ಬೇಡ ಅಂದೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿ, ಡಾಕ್ಟರು ಸರಿ ಅನ್ನುವವರೆಗೆ ನೋವಿಗೂ ಪ್ಯಾರಾಸಿಟಮಾಲೇ. ಹಲ್ಲು ಕೀಳಿಸುವುದಾದರೂ ಅಲ್ಲಿಯವರೆಗೆ ಮುಂದಕ್ಕೆ ಹಾಕು, ಹಲ್ಲಿನ ಡಾಕ್ಟರಿಗೆ ಡೆಂಗಿ ಬಂದಿತ್ತು ಅಂತ ಮೊದಲೇ ಹೇಳು ಅಂದೆ. ಆ ನಾಲ್ಕು ಮಾತ್ರೆಯನ್ನು ಮರುದಿನ ಅಂಗಡಿಗೆ ತಂದುಕೊಟ್ಟ.